ಟಿ3 ನೆಲಕಚ್ಚಿತ್ತು, ಥೈರಾಯ್ಡ್ ಸರಿಯಾಗಿಯೇ ಇತ್ತು: ಐಸಿಯುನ ಒಂದು ಪ್ರಕರಣ

ಹಿನ್ನೆಲೆ

ರೋಗಿ ಐವತ್ತು ದಾಟಿದ ಮಹಿಳೆ, ಶಾಲಾ ಶಿಕ್ಷಕಿ. ಗುರುತು ಹತ್ತದಂತೆ ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ. ನಾಲ್ಕು ದಿನ ಜ್ವರ, ಕೆಮ್ಮು. ಐದನೇ ದಿನ ಉಸಿರು ಕಟ್ಟಿ ಆಸ್ಪತ್ರೆಗೆ ಬಂದರು. ಎರಡೂ ಕಡೆಯ ನ್ಯುಮೋನಿಯಾ, ಬಿದ್ದುಹೋದ ರಕ್ತದೊತ್ತಡ. ಅದೇ ರಾತ್ರಿ ವೆಂಟಿಲೇಟರ್‌ಗೆ ಹಾಕಬೇಕಾಯಿತು. ಆಂಟಿಬಯೋಟಿಕ್, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್, ಜೊತೆಗೆ ಮೊದಲ ಐದು ದಿನ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ನಡೆದವು. ಆಸ್ಪತ್ರೆಗೆ ಸೇರಿದ ಆರನೇ ದಿನದ ಹೊತ್ತಿಗೆ ರಕ್ತದೊತ್ತಡ ತಾನಾಗಿಯೇ ಸ್ಥಿರವಾಗತೊಡಗಿತು, ಜ್ವರ ಇಳಿಯಿತು, ಎಕ್ಸ್‌ರೇ ತಿಳಿಯಾಗುತ್ತ ಬಂತು.

ಸೋಂಕು ಹತೋಟಿಗೆ ಬಂದರೂ ವೆಂಟಿಲೇಟರ್ ಬಿಡಿಸಲು ಆಗಲಿಲ್ಲ. ಯಂತ್ರದ ನೆರವು ಕಡಿಮೆ ಮಾಡಿದರೆ ಅರ್ಧ ಗಂಟೆಯೊಳಗೆ ಉಸಿರು ಚಿಕ್ಕದಾಗಿ, ವೇಗವಾಗಿ, ಬೆವರು ಬಿಡುತ್ತಿದ್ದರು. ಪ್ರಜ್ಞೆ ಇತ್ತು, ಆದರೆ ಮಂಕು. ಕೈ ಎತ್ತಲು ಹೇಳಿದರೆ ಬೆರಳಷ್ಟೇ ಆಡುತ್ತಿತ್ತು. ಒಂಬತ್ತನೇ ದಿನ, ಇದಕ್ಕೆ ಥೈರಾಯ್ಡ್ ಕಾರಣವಿರಬಹುದೇ ಎಂದು ಐಸಿಯು ತಂಡ ರಕ್ತ ಕಳಿಸಿತು. ಕೇಳುವುದಕ್ಕೆ ಕಾರಣವೂ ಇತ್ತು: ತೀವ್ರ ಹೈಪೋಥೈರಾಯ್ಡಿಸಂನಲ್ಲಿ, ಅಂದರೆ ಥೈರಾಯ್ಡ್ ಹಾರ್ಮೋನು ತೀರಾ ಕಡಿಮೆಯಾದಾಗ, ಉಸಿರಾಟದ ಸ್ನಾಯುಗಳು ಸೋಲುತ್ತವೆ, ಮಂಪರು ಕವಿಯುತ್ತದೆ. ಮೇಲಾಗಿ ರೋಗಿಯ ತಂಗಿಗೆ ಹಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ನಡೆಯುತ್ತಿತ್ತು.

ವರದಿ ಹೀಗಿತ್ತು. ಥೈರಾಯ್ಡ್ ಹಾರ್ಮೋನುಗಳಲ್ಲಿ ಒಟ್ಟು ಟಿ3 28. ಸಾಮಾನ್ಯ ಮಟ್ಟ 80ರಿಂದ 200. ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟದೆ ಇರುವ ಟಿ4, 0.7; ಕೆಳಗಿನ ಗಡಿ 0.8. ಥೈರಾಯ್ಡ್‌ಗೆ ಕೆಲಸ ಮಾಡೆಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಟಿಎಸ್‌ಎಚ್ 0.32, ಕೆಳಗಿನ ಗಡಿ 0.4. ಮೂರೂ ಕಡಿಮೆ. ಥೈರಾಕ್ಸಿನ್ ಶುರು ಮಾಡಬೇಕೇ ಎಂಬ ಪ್ರಶ್ನೆಯೊಂದಿಗೆ ಎಂಡೋಕ್ರೈನ್ ವಿಭಾಗಕ್ಕೆ, ಅಂದರೆ ನನಗೆ, ಕರೆ ಬಂತು.

ಸಮಸ್ಯೆ ಎಲ್ಲಿತ್ತು

ಥೈರಾಯ್ಡ್ ಗ್ರಂಥಿ ದಿನಕ್ಕೆ ಸುಮಾರು 80ರಿಂದ 100 ಮೈಕ್ರೋಗ್ರಾಂ ಟಿ4, ಅಂದರೆ ಥೈರಾಕ್ಸಿನ್, ಬಿಡುತ್ತದೆ. ಆದರೆ ಜೀವಕೋಶದ ಕೇಂದ್ರದಲ್ಲಿ ಕುಳಿತ ಗ್ರಾಹಕಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕೆಲಸ ಮಾಡಿಸುವುದು ಟಿ3. ಅದನ್ನು ಗ್ರಂಥಿ ನೇರವಾಗಿ ಬಿಡುವುದು ತೀರಾ ಸ್ವಲ್ಪ. ದೇಹದಲ್ಲಿ ದಿನವೂ ತಯಾರಾಗುವ ಟಿ3ಯ ಐದರಲ್ಲಿ ನಾಲ್ಕು ಪಾಲು ಗ್ರಂಥಿಯ ಹೊರಗೆ, ಯಕೃತ್ತು, ಮೂತ್ರಪಿಂಡ, ಸ್ನಾಯು ಮೊದಲಾದ ಕಡೆ, ಟಿ4ನಿಂದಲೇ ಆಗುತ್ತದೆ. 1970ರಲ್ಲಿ ಬ್ರೇವರ್‌ಮನ್, ಇಂಗ್‌ಬಾರ್ ಮತ್ತು ಸ್ಟರ್ಲಿಂಗ್, ಥೈರಾಯ್ಡ್ ಗ್ರಂಥಿಯೇ ಕೆಲಸ ಮಾಡದ ಜನರಿಗೆ ಬರೀ ಟಿ4 ಕೊಟ್ಟು, ಅವರ ರಕ್ತದಲ್ಲಿ ಟಿ3 ಕಾಣಿಸಿಕೊಳ್ಳುವುದನ್ನು ತೋರಿಸಿದರು. ಇಂದು ಕೋಟ್ಯಂತರ ಜನ ಥೈರಾಕ್ಸಿನ್ ಮಾತ್ರೆ ಒಂದನ್ನೇ ನುಂಗಿ ಚೆನ್ನಾಗಿರುವುದಕ್ಕೆ ಆಧಾರ ಈ ಪರಿವರ್ತನೆಯೇ.

ಪರಿವರ್ತನೆ ಎಂದರೆ ಇಲ್ಲಿ ಒಂದು ಅಯೋಡಿನ್ ಕಣವನ್ನು ತೆಗೆಯುವುದು. ಟಿ4 ಅಣುವಿನಲ್ಲಿ ಎರಡು ಉಂಗುರಗಳಿವೆ, ಒಂದೊಂದರಲ್ಲಿ ಎರಡೆರಡು ಅಯೋಡಿನ್. ಹೊರ ಉಂಗುರದಿಂದ ಒಂದನ್ನು ತೆಗೆದರೆ ಟಿ3, ಅಂದರೆ ಸಕ್ರಿಯ ಹಾರ್ಮೋನು. ಒಳ ಉಂಗುರದಿಂದ ಒಂದನ್ನು ತೆಗೆದರೂ ಉಳಿಯುವುದು ಮೂರೇ ಅಯೋಡಿನ್, ಆದರೆ ಈ ಅಣು ಗ್ರಾಹಕಕ್ಕೆ ಸರಿಯಾಗಿ ಕೂರುವುದಿಲ್ಲ. ಇದು ರಿವರ್ಸ್ ಟಿ3. ಅದೇ ಕಚ್ಚಾವಸ್ತು, ಅಷ್ಟೇ ಅಯೋಡಿನ್. ಯಾವ ಉಂಗುರಕ್ಕೆ ಕೈಹಾಕಿತು ಎಂಬುದರ ಮೇಲೆ ಹಾರ್ಮೋನು ಜೀವಂತವೋ ನಿಷ್ಕ್ರಿಯವೋ ಎಂಬುದು ತೀರ್ಮಾನವಾಗುತ್ತದೆ.

ಈ ಕೆಲಸ ಮಾಡುವ ಕಿಣ್ವಗಳೇ ಡಿಅಯೋಡಿನೇಸ್‌ಗಳು. ಮೂರು ಬಗೆ, ಮೂರರಲ್ಲೂ ಸೆಲೆನಿಯಂ ಇದೆ. ಡಿ1 ಯಕೃತ್ತು, ಮೂತ್ರಪಿಂಡ ಮತ್ತು ಥೈರಾಯ್ಡ್‌ನಲ್ಲಿದೆ. ಟಿ3 ತಯಾರಿಸುವುದರ ಜೊತೆಗೆ ರಿವರ್ಸ್ ಟಿ3ಯನ್ನು ಒಡೆದು ರಕ್ತದಿಂದ ತೆಗೆದುಹಾಕುವ ಮುಖ್ಯ ಕೆಲಸವೂ ಇದರದ್ದೇ. ಡಿ2 ಮೆದುಳು, ಪಿಟ್ಯುಟರಿ, ಸ್ನಾಯುಗಳಲ್ಲಿದ್ದು, ಹೊರ ಉಂಗುರದ ಅಯೋಡಿನ್ ಮಾತ್ರ ತೆಗೆದು ಜೀವಕೋಶದ ಒಳಗಡೆಯೇ ಟಿ3 ಒದಗಿಸುತ್ತದೆ. ಡಿ3 ಒಳ ಉಂಗುರಕ್ಕೆ ಮಾತ್ರ ಕೈಹಾಕುತ್ತದೆ. ಟಿ4ನ್ನು ರಿವರ್ಸ್ ಟಿ3 ಮಾಡುತ್ತದೆ, ಇದ್ದ ಟಿ3ಯನ್ನೂ ಟಿ2 ಮಾಡಿ ಕೆಡಿಸುತ್ತದೆ. ಗರ್ಭದಲ್ಲಿನ ಮಗುವಿನ ಅಂಗಾಂಶಗಳಲ್ಲಿ, ಮಾಸುವಿನಲ್ಲಿ ಡಿ3 ಹೇರಳ. ಆರೋಗ್ಯವಂತ ವಯಸ್ಕರ ಯಕೃತ್ತು, ಸ್ನಾಯುಗಳಲ್ಲಿ ಅದು ಕಾಣಸಿಗುವುದೇ ಅಪರೂಪ.

ತೀವ್ರ ಕಾಯಿಲೆಯಲ್ಲಿ ಈ ಏರ್ಪಾಡು ಅಡಿಮೇಲಾಗುತ್ತದೆ. ಐಸಿಯುನಲ್ಲಿ ತೀರಿಕೊಂಡವರ ಯಕೃತ್ತು ಮತ್ತು ಸ್ನಾಯುವಿನ ತುಣುಕುಗಳನ್ನು ಸಾವಿನ ನಂತರ ತಡಮಾಡದೆ ತೆಗೆದು ಪರೀಕ್ಷಿಸಿದ, 2003ರಲ್ಲಿ ಪ್ರಕಟವಾದ ರಾಟರ್‌ಡ್ಯಾಂ ಮತ್ತು ಲ್ಯೂವೆನ್ ಸಂಶೋಧಕರ ಅಧ್ಯಯನವೊಂದಿದೆ. ಯಕೃತ್ತಿನಲ್ಲಿ ಡಿ1 ಕುಗ್ಗಿತ್ತು. ಇರಬಾರದ ಜಾಗಗಳಲ್ಲಿ, ಯಕೃತ್ತಿನಲ್ಲೂ ಸ್ನಾಯುವಿನಲ್ಲೂ, ಡಿ3 ಎದ್ದು ಕುಳಿತಿತ್ತು. ಹೀಗಾದಾಗ ಟಿ3 ತಯಾರಿ ಇಳಿಯುತ್ತದೆ, ಇರುವ ಟಿ3 ಬೇಗ ಹಾಳಾಗುತ್ತದೆ. ರಿವರ್ಸ್ ಟಿ3 ಎರಡು ಕಾರಣಕ್ಕೆ ಏರುತ್ತದೆ: ಡಿ3 ಹೆಚ್ಚು ತಯಾರಿಸುತ್ತದೆ, ಡಿ1 ಕಡಿಮೆ ಒಡೆಯುತ್ತದೆ. ಉಪವಾಸವೊಂದೇ ಸಾಕು, ಒಂದೆರಡು ದಿನದಲ್ಲಿ ಟಿ3 ಇಳಿಯತೊಡಗುತ್ತದೆ. ಕಾಯಿಲೆ ಉದ್ದವಾದರೆ ಮೆದುಳಿನ ಹೈಪೋಥಲಾಮಸ್ ಕೂಡ ಆದೇಶ ಕಡಿಮೆ ಮಾಡುತ್ತದೆ. ಆಗ ಟಿಎಸ್‌ಎಚ್, ಟಿ4 ಎರಡೂ ಇಳಿಯುತ್ತವೆ. ಇದಕ್ಕೆ ಥೈರಾಯ್ಡೇತರ ಕಾಯಿಲೆಯ ಲಕ್ಷಣಕೂಟ ಎನ್ನುತ್ತಾರೆ. ವಾರ್ಡಿನ ಮಾತಿನಲ್ಲಿ ‘ಸಿಕ್ ಯೂಥೈರಾಯ್ಡ್’.

ಮೊದಲ ತಿರುವು: ಯಾವ ರೋಗ ಇದು?

ಮೂರೂ ಅಂಕಿ ಕೆಳಗಿದ್ದಾಗ ಓದು ಮೂರು ಬಗೆಯಲ್ಲಿ ಸಾಧ್ಯ. ಗ್ರಂಥಿಯೇ ಸೋತಿದ್ದರೆ ಟಿಎಸ್‌ಎಚ್ ಮೇಲಿರಬೇಕಿತ್ತು, ಇಲ್ಲಿ ಕೆಳಗಿತ್ತು. ಹೈಡ್ರೋಕಾರ್ಟಿಸೋನ್ ಟಿಎಸ್‌ಎಚ್ ಅನ್ನು ಅದುಮುತ್ತದೆ ಎಂಬುದು ನಿಜ, ಆದರೆ ಅದು ನಿಂತು ನಾಲ್ಕು ದಿನವಾಗಿತ್ತು. ಗ್ರಂಥಿ ನಿಜಕ್ಕೂ ಸೋತಿದ್ದರೆ ಏರಿದ ಟಿಎಸ್‌ಎಚ್ ಇಷ್ಟು ಪೂರ್ತಿ ಮರೆಯಾಗುವುದು ಕಷ್ಟ. ಹಾಗಾಗಿ ಉಳಿದದ್ದು ಎರಡು: ಪಿಟ್ಯುಟರಿ ಸೋತಿದೆ, ಇಲ್ಲವೇ ಇದು ಕಾಯಿಲೆಯ ಪರಿಣಾಮ.

ಇಲ್ಲಿ ನನಗೆ ಅತಿ ಹೆಚ್ಚು ಹೇಳಿದ್ದು ಟಿ3 ಮತ್ತು ಟಿ4 ಯಾವ ಕ್ರಮದಲ್ಲಿ ಬಿದ್ದಿವೆ ಎಂಬುದು. ಹಾರ್ಮೋನಿನ ಕೊರತೆ ನಿಜವಾಗಿದ್ದಾಗ ದೇಹ ಟಿ3ಯನ್ನು ಕೊನೆಯವರೆಗೂ ಕಾಪಾಡಿಕೊಳ್ಳುತ್ತದೆ. ಟಿ4 ಕಡಿಮೆಯಾದಷ್ಟೂ ಡಿ2 ಕಿಣ್ವದ ಆಯುಸ್ಸು ಹೆಚ್ಚುತ್ತದೆ, ಇರುವ ಟಿ4ನಲ್ಲಿ ಹೆಚ್ಚು ಪಾಲು ಟಿ3 ಆಗುತ್ತದೆ. ಅದಕ್ಕೇ ಸಾಮಾನ್ಯ ಹೈಪೋಥೈರಾಯ್ಡಿಸಂನಲ್ಲಿ ಟಿ4 ಬಿದ್ದ ಮೇಲೂ ಟಿ3 ಬಹುಕಾಲ ಸರಿಯಾಗಿಯೇ ಕಾಣುತ್ತದೆ. ಈ ರೋಗಿಯಲ್ಲಿ ಉಲ್ಟಾ. ಫ್ರೀ ಟಿ4 ಗಡಿಯ ಕೆಳಗೆ ಒಂದು ಕೂದಲೆಳೆ. ಟಿ3 ಕೆಳಗಿನ ಗಡಿಯ ಅರ್ಧದಷ್ಟೂ ಇಲ್ಲ. ಕಚ್ಚಾವಸ್ತುವಿನ ಕೊರತೆಗಿಂತ ಪರಿವರ್ತನೆಯ ಕೊರತೆ ದೊಡ್ಡದು ಎಂದಾಯಿತು.

ಆದರೂ ಪಿಟ್ಯುಟರಿಯನ್ನು ಹಾಗೇ ಬಿಡುವಂತಿರಲಿಲ್ಲ. ಅದು ಸೋತಿದ್ದರೆ, ಕಾಯಿಲೆಯ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಹಾರ್ಮೋನೂ ಇಲ್ಲದಿರಬಹುದು; ಅದಿಲ್ಲದೆ ಥೈರಾಕ್ಸಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ನಮ್ಮ ಕಡೆ ಮಧ್ಯವಯಸ್ಸಿನ ಹೆಂಗಸರಲ್ಲಿ ಶೀಹನ್ ಸಿಂಡ್ರೋಮ್ ಅನ್ನು ಮರೆಯಬಾರದು: ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಸಾಯುವುದು, ಎಷ್ಟೋ ವರ್ಷ ಪತ್ತೆಯಾಗದೆ ಉಳಿದು ದೊಡ್ಡ ಕಾಯಿಲೆ ಬಂದಾಗ ಬಯಲಾಗುವುದು. ತಂಗಿಯನ್ನು ಕೂರಿಸಿಕೊಂಡು ಕೇಳಿದೆ. ಎರಡು ಹೆರಿಗೆ, ರಕ್ತ ಹಾಕಿಸಿದ್ದಿಲ್ಲ, ಎರಡೂ ಮಕ್ಕಳಿಗೆ ಹಾಲು ಚೆನ್ನಾಗಿ ಬಂದಿತ್ತು, ಮುಟ್ಟು ನಿಂತದ್ದು ಎರಡು ವರ್ಷದ ಹಿಂದೆ. ಹತ್ತನೇ ದಿನ ಬೆಳಿಗ್ಗೆಯ ಕಾರ್ಟಿಸಾಲ್ 26. ಇಷ್ಟು ಕಾಯಿಲೆಯಲ್ಲಿ ಇದು ಸಮಾಧಾನದ ಅಂಕಿ. ಸೋಡಿಯಂ ಸರಿಯಿತ್ತು, ಮೈ ಬೆಚ್ಚಗಿತ್ತು, ನಾಡಿ 96, ಮೊಣಕಾಲಿನ ಪ್ರತಿವರ್ತನೆಯಲ್ಲಿ ಹೈಪೋಥೈರಾಯ್ಡಿಸಂನ ಆ ನಿಧಾನ ಇರಲಿಲ್ಲ, ಕುತ್ತಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಗುರುತಿಲ್ಲ.

ತಂಗಿಯೇ ಮನೆಯಿಂದ ಒಂದು ಹಳೆಯ ಫೈಲು ತಂದರು. ಅದರಲ್ಲಿ ಏಳೆಂಟು ತಿಂಗಳ ಹಿಂದಿನ ಆರೋಗ್ಯ ತಪಾಸಣೆಯ ವರದಿ, ಟಿಎಸ್‌ಎಚ್ 2.6. ಆ ಒಂದು ಕಾಗದ ಎಂಆರ್‌ಐಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಐಸಿಯುನಲ್ಲಿ ಥೈರಾಯ್ಡ್ ವರದಿ ಗೊಂದಲ ಎಬ್ಬಿಸಿದಾಗ ನಾನು ಮೊದಲು ಕೇಳುವುದು ಹಳೆಯ ವರದಿಯನ್ನೇ.

ರಿವರ್ಸ್ ಟಿ3 ಕಳಿಸೋಣವೇ ಎಂದು ಐಸಿಯು ವೈದ್ಯರು ಕೇಳಿದರು. ನಮ್ಮಲ್ಲಿ ಆ ಪರೀಕ್ಷೆ ಆಗುವುದಿಲ್ಲ, ಹೊರಗೆ ಕಳಿಸಬೇಕು, ಉತ್ತರಕ್ಕೆ ದಿನಗಟ್ಟಲೆ ಕಾಯಬೇಕು. ಕಳಿಸಿದೆವು, ಆದರೆ ಅದರ ಉತ್ತರಕ್ಕಾಗಿ ನಿರ್ಧಾರ ತಡೆಹಿಡಿಯುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡೆವು. ಆ ಪರೀಕ್ಷೆಯ ಮಿತಿಗಳು ದೊಡ್ಡವು. ಮೂತ್ರಪಿಂಡ ಸೋತವರಲ್ಲಿ ಕಾಯಿಲೆ ಎಷ್ಟೇ ತೀವ್ರವಿದ್ದರೂ ರಿವರ್ಸ್ ಟಿ3 ಏರದೆ ಇರಬಹುದು. ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್ ಡಿಅಯೋಡಿನೇಸ್‌ಗಳನ್ನು ತಡೆದು ಅದನ್ನು ತಾನೇ ಏರಿಸುತ್ತದೆ. ಹೈಪೋಥೈರಾಯ್ಡಿಸಂ ಇದ್ದವರಿಗೆ ನ್ಯುಮೋನಿಯಾ ಬಂದರೆ ಎರಡರ ಎಳೆದಾಟದಲ್ಲಿ ಅಂಕಿ ನಡುವೆಲ್ಲೋ ನಿಲ್ಲಬಹುದು. ಈ ರೋಗಿಗೆ ಮೂತ್ರಪಿಂಡ ಚೆನ್ನಾಗಿತ್ತು, ಅಮಿಯೊಡರೋನ್ ಕೊಟ್ಟಿರಲಿಲ್ಲ. ಆರು ದಿನದ ನಂತರ ಉತ್ತರ ಬಂತು: 62, ಮೇಲಿನ ಗಡಿ 24. ನಿಜವಾದ ಕೊರತೆಯಲ್ಲಿ ಕಚ್ಚಾವಸ್ತುವೇ ಇಲ್ಲದ್ದರಿಂದ ಇದು ಕೆಳಗಿರಬೇಕಿತ್ತು. ನಮ್ಮ ಓದಿಗೆ ಅದು ತಾಳೆಯಾಯಿತು. ಆದರೆ ಅಷ್ಟರಲ್ಲಿ ಚಿಕಿತ್ಸೆಯ ದಾರಿ ಗೊತ್ತುಮಾಡಿ ಆಗಿತ್ತು.

ಎರಡನೇ ತಿರುವು: ಕೊಟ್ಟರೆ ತಪ್ಪೇನು?

“ನಂಗೂ ಥೈರಾಯ್ಡ್ ಇದೆ ಡಾಕ್ಟ್ರೇ, ದಿನಾ ಮಾತ್ರೆ ತಗೋತೀನಿ, ಏನೂ ಆಗಿಲ್ಲ. ಅಕ್ಕಂಗೂ ಒಂದು ಮಾತ್ರೆ ಕೊಟ್ಟು ನೋಡ್ಬಾರ್ದಾ?” ಎಂದರು ತಂಗಿ. ತಂಡದಲ್ಲೂ ಕೆಲವರಿಗೆ ಅದೇ ಅನಿಸಿಕೆ ಇತ್ತು. ನ್ಯಾಯವಾದ ಪ್ರಶ್ನೆ, ಹಾಗಾಗಿ ಉತ್ತರವನ್ನು ಬಿಡಿಸಿ ಹೇಳಿದೆ.

ಮೊದಲನೆಯದಾಗಿ, ಇಲ್ಲಿ ಕಟ್ಟಿರುವುದು ಟಿ4ನಿಂದ ಟಿ3ಗೆ ಹೋಗುವ ದಾರಿ. ಥೈರಾಕ್ಸಿನ್ ಮಾತ್ರೆ ಎಂದರೆ ಟಿ4. ಡಿ1 ಕುಗ್ಗಿ ಡಿ3 ಎದ್ದಿರುವ ದೇಹಕ್ಕೆ ಮತ್ತಷ್ಟು ಟಿ4 ಸುರಿದರೆ ಅದರಲ್ಲಿ ಬಹುಪಾಲು ರಿವರ್ಸ್ ಟಿ3 ಆಗಿ ಹೋಗುತ್ತದೆ. 1986ರಲ್ಲಿ ಬ್ರೆಂಟ್ ಮತ್ತು ಹರ್ಷ್‌ಮನ್ ಇದನ್ನೇ ತೀವ್ರ ಕಾಯಿಲೆಯವರಲ್ಲಿ ನೋಡಿದರು. ರಕ್ತನಾಳದ ಮೂಲಕ ಕೊಟ್ಟ ಥೈರಾಕ್ಸಿನ್‌ನಿಂದ ಟಿ4 ಅಂಕಿ ಸರಿಹೋಯಿತು, ಟಿ3 ಅದರ ಜೊತೆ ಏಳಲಿಲ್ಲ, ಬದುಕುಳಿಯುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಅಧ್ಯಯನ ಚಿಕ್ಕದು, ಆದರೆ ಅದರ ಫಲಿತಾಂಶವನ್ನು ತಿರುಗಿಸುವಂಥದ್ದು ಆಮೇಲೂ ಬಂದಿಲ್ಲ.

ಹಾಗಾದರೆ ನೇರವಾಗಿ ಟಿ3ಯನ್ನೇ ಕೊಡಬಹುದಲ್ಲ? ಕಿಣ್ವದ ತಡೆಯನ್ನು ಅದು ದಾಟುತ್ತದೆ ನಿಜ. ಆದರೆ ಟಿ3 ಇಳಿಯುವುದು ಪೂರ್ತಿ ಕೆಡುಕೇ ಎಂದು ಹೇಳಲು ಆಧಾರವಿಲ್ಲ. ಕಾಯಿಲೆಯ ಮೊದಲ ದಿನಗಳಲ್ಲಿ ಇದು ಆಮ್ಲಜನಕದ ಖರ್ಚು, ಸ್ನಾಯು ಕರಗುವಿಕೆ ಎರಡನ್ನೂ ತಗ್ಗಿಸುವ ದೇಹದ ಉಳಿತಾಯ ಕ್ರಮವೆಂದೇ ಹಲವರ ಅಭಿಪ್ರಾಯ. ನಾರ್‌ಅಡ್ರಿನಲಿನ್‌ನಿಂದ ಆಗತಾನೆ ಹೊರಬಂದ ಹೃದಯಕ್ಕೆ ಟಿ3 ಕೊಟ್ಟರೆ ಲಯ ತಪ್ಪುವ ಭಯ ಬೇರೆ. ಮತ್ತೊಂದು ಮಾತು ನನಗೆ ಇನ್ನೂ ಮುಖ್ಯ: ಹೊರಗಿನಿಂದ ಹಾರ್ಮೋನು ಬಂದರೆ ಟಿಎಸ್‌ಎಚ್ ಇನ್ನಷ್ಟು ಅದುಮಿಕೊಳ್ಳುತ್ತದೆ. ಚೇತರಿಕೆ ಶುರುವಾಯಿತೆಂದು ನಮಗೆ ತಿಳಿಸುವ ಮೊದಲ ಸೂಚನೆಯೇ ಟಿಎಸ್‌ಎಚ್ ಏರುವುದು. ಆ ಸೂಚನೆಯನ್ನು ನಾವೇ ಅಳಿಸಿಹಾಕಿದಂತಾಗುತ್ತದೆ.

ತಂಗಿಗೆ ಹೇಳಿದ್ದು ಇಷ್ಟು: “ನಿಮಗೆ ಗ್ರಂಥಿ ಸೋತಿದೆಯಮ್ಮ, ಮಾತ್ರೆ ಆ ಕೊರತೆ ತುಂಬುತ್ತೆ. ನಿಮ್ಮ ಅಕ್ಕನ ಗ್ರಂಥಿ ಸೋತಿರೋ ಹಾಗೆ ಕಾಣಲ್ಲ. ಕಾಯಿಲೆ ಇಳಿದ ಹಾಗೆ ಇದೂ ಸರಿಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಆಗ ಖಂಡಿತ ಕೊಡ್ತೀವಿ.” ಅವರು ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

ಥೈರಾಯ್ಡ್ ಬಿಟ್ಟ ಮೇಲೆ

ಥೈರಾಯ್ಡ್ ಅಲ್ಲ ಎಂದಾದರೆ ಸ್ವಂತ ಉಸಿರಾಡಲು ಏಕೆ ಆಗುತ್ತಿಲ್ಲ ಎಂಬ ಪ್ರಶ್ನೆ ಮತ್ತೆ ಎದುರಿಗೆ ಬಂತು. ಈ ಪ್ರಕರಣದಲ್ಲಿ ರೋಗಿಗೆ ನಿಜಕ್ಕೂ ಉಪಕಾರವಾದದ್ದು ಇಲ್ಲಿ. ಹತ್ತನೇ ದಿನ ಸಂಜೆ ಐಸಿಯು ವೈದ್ಯರು ಎಲ್ಲವನ್ನೂ ಮೊದಲಿನಿಂದ ನೋಡಿದರು. ಮೊದಲ ಕೆಲವು ದಿನ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಏಳನೇ ದಿನದಿಂದ ಟ್ಯೂಬಿನ ಆಹಾರ ಪೂರ್ತಿ ಪ್ರಮಾಣದಲ್ಲಿ ಶುರುವಾಗಿತ್ತು. ಫಾಸ್ಫೇಟ್ ನೋಡಿದರೆ 1.3, ಕೆಳಗಿನ ಗಡಿ 2.5. ಉಪವಾಸದ ನಂತರ ಆಹಾರ ಸಿಕ್ಕೊಡನೆ ಫಾಸ್ಫೇಟ್ ರಕ್ತದಿಂದ ಜೀವಕೋಶದೊಳಗೆ ನುಗ್ಗುತ್ತದೆ. ಅಷ್ಟು ಕೆಳಗಿಳಿದರೆ ವಪೆಗೆ ಶಕ್ತಿ ಸಾಲದು, ಉಸಿರಾಟದ ಸ್ನಾಯು ಬೇಗ ದಣಿಯುತ್ತದೆ. ಡ್ರಿಪ್‌ನಲ್ಲಿ ಫಾಸ್ಫೇಟ್ ಕೊಟ್ಟು, ಆಹಾರದ ಪ್ರಮಾಣ ಕೆಲಕಾಲ ತಗ್ಗಿಸಿ, ಥಯಾಮಿನ್ ಸೇರಿಸಿದರು. ಮೈಯಲ್ಲಿ ನಿಂತಿದ್ದ ಹೆಚ್ಚುವರಿ ನೀರನ್ನು ಇಳಿಸಿದರು. ರಾತ್ರಿಯ ಮಂಪರು ಔಷಧಿ ನಿಲ್ಲಿಸಿದರು. ಫಿಸಿಯೋಥೆರಪಿ ದಿನಕ್ಕೆ ಎರಡು ಬಾರಿ ಆಯಿತು.

ಹದಿಮೂರನೇ ದಿನ ರೋಗಿ ಎರಡು ಗಂಟೆ ಸ್ವಂತ ಉಸಿರಾಡಿದರು. ಹದಿನಾಲ್ಕಕ್ಕೆ ಟ್ಯೂಬು ತೆಗೆದರು. ಫಾಸ್ಫೇಟ್ ಒಂದರಿಂದಲೇ ಹೀಗಾಯಿತು ಎನ್ನಲಾರೆ. ನಾಲ್ಕು ಕೆಲಸ ಒಟ್ಟಿಗೆ ನಡೆದವು, ಸೋಂಕೂ ಇಳಿಯುತ್ತಿತ್ತು. ಆದರೆ ಆ ಹೊತ್ತಿಗೆ ರಕ್ತದ ಟಿ3 ಇನ್ನೂ 40ರ ಕೆಳಗೇ ಇತ್ತು ಎಂಬುದನ್ನು ದಾಖಲಿಸಬೇಕು. ಟಿ3 ಏರುವ ಮೊದಲೇ ಸ್ವಂತ ಉಸಿರಾಟ ಮರಳಿತು. ಹತ್ತನೇ ದಿನ ಥೈರಾಕ್ಸಿನ್ ಶುರುಮಾಡಿದ್ದರೆ ಈ ಚೇತರಿಕೆಯ ಹೆಸರು ಅದಕ್ಕೇ ಹೋಗುತ್ತಿತ್ತು, ಫಾಸ್ಫೇಟ್‌ಗೆ ಯಾರೂ ಇಣುಕಿ ನೋಡದೆ ಇರಬಹುದಿತ್ತು.

ಮೂರನೇ ತಿರುವು: ಬಿಡುಗಡೆಯ ಕಾಗದ

ಇಪ್ಪತ್ಮೂರನೇ ದಿನ ವಾರ್ಡಿನಲ್ಲಿ ಮನೆಗೆ ಹೋಗುವ ತಯಾರಿ ನಡೆದಾಗ ಮತ್ತೊಮ್ಮೆ ಥೈರಾಯ್ಡ್ ನೋಡಲಾಯಿತು. ಟಿ3 74, ಫ್ರೀ ಟಿ4 0.9, ಟಿಎಸ್‌ಎಚ್ 11.4. ಜೊತೆಗೆ ಕಳಿಸಿದ್ದ ಆ್ಯಂಟಿ ಟಿಪಿಒ, ಅಂದರೆ ಥೈರಾಯ್ಡ್ ವಿರುದ್ಧದ ಆ್ಯಂಟಿಬಾಡಿ, ಸ್ವಲ್ಪ ಪಾಸಿಟಿವ್. ಡಿಸ್ಚಾರ್ಜ್ ಸಾರಾಂಶದ ಕರಡಿನಲ್ಲಿ ‘ಹೈಪೋಥೈರಾಯ್ಡಿಸಂ, ಥೈರಾಕ್ಸಿನ್ 50 ಮೈಕ್ರೋಗ್ರಾಂ’ ಎಂದು ಬರೆದಾಗಿತ್ತು.

ಹೊರರೋಗಿ ವಿಭಾಗಕ್ಕೆ ನಡೆದು ಬಂದ ಯಾರದಾದರೂ ಈ ವರದಿ ಆಗಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ. ಇಲ್ಲಿ ಎರಡು ವಾರದ ಹಿಂದೆ ಟಿಎಸ್‌ಎಚ್ 0.32 ಇತ್ತು ಎಂಬ ಸಂಗತಿ ಎಲ್ಲವನ್ನೂ ಬದಲಿಸುತ್ತದೆ. ಚೇತರಿಕೆಯಲ್ಲಿ ಪಿಟ್ಯುಟರಿ ಎಚ್ಚೆತ್ತು, ಖಾಲಿಯಾದ ಟಿ4 ತುಂಬಲು ಗ್ರಂಥಿಯನ್ನು ಜೋರಾಗಿ ತಳ್ಳುತ್ತದೆ. ಕೆಲವು ವಾರ ಟಿಎಸ್‌ಎಚ್ ಗಡಿ ಮೀರುತ್ತದೆ. ಈ ಏರಿಕೆ ಸಾಮಾನ್ಯವಾಗಿ 20 ದಾಟುವುದಿಲ್ಲ. ದಾಟಿದರೆ, ಇಲ್ಲವೇ ಟಿಎಸ್‌ಎಚ್ ಏರುತ್ತಿರುವಾಗಲೇ ಫ್ರೀ ಟಿ4 ಕುಸಿಯುತ್ತಿದ್ದರೆ, ಗ್ರಂಥಿಯೇ ಸೋತಿದೆ ಎಂದು ನಂಬಬೇಕು. ಇವರಲ್ಲಿ ಫ್ರೀ ಟಿ4 0.7ರಿಂದ 0.9ಕ್ಕೆ ಏರಿತ್ತು. ಟಿಎಸ್‌ಎಚ್‌ನ ತಳ್ಳುವಿಕೆಗೆ ಗ್ರಂಥಿ ಓಗೊಡುತ್ತಿತ್ತು.

ಕಷ್ಟವಾದದ್ದು ಆ ಆ್ಯಂಟಿಬಾಡಿ. ತಂಗಿಗೆ ಹಾಶಿಮೋಟೊ, ಅಂದರೆ ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ; ಅಕ್ಕನಿಗೆ ಆ್ಯಂಟಿಬಾಡಿ ಪಾಸಿಟಿವ್. ಹಾಗಾದರೆ ಗ್ರಂಥಿ ಪೂರ್ತಿ ನಿರೋಗಿ ಎನ್ನುವಂತಿಲ್ಲ. ವಾರ್ಡಿನ ವೈದ್ಯರು, “ಇವರು ಮತ್ತೆ ಫಾಲೋಅಪ್‌ಗೆ ಬರದೇ ಹೋದ್ರೆ?” ಎಂದು ಕೇಳಿದರು. ನಮ್ಮ ಕಡೆ ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆದರೆ ಇನ್ನೊಂದು ಕಡೆಯ ಬೆಲೆಯೂ ಕಡಿಮೆಯಲ್ಲ: ಒಮ್ಮೆ ಕಾಗದದಲ್ಲಿ ಬಿದ್ದ ಥೈರಾಕ್ಸಿನ್ ಬಹಳ ಸಲ ಜೀವನಪೂರ್ತಿ ಉಳಿಯುತ್ತದೆ, ಏಕೆ ಶುರುವಾಯಿತು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಮಾತ್ರೆಯ ಸಾಲನ್ನು ತೆಗೆಸಿ, ಅದರ ಜಾಗದಲ್ಲಿ ‘ಚೇತರಿಕೆಯ ಹಂತದ ಟಿಎಸ್‌ಎಚ್ ಏರಿಕೆ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತು ಫ್ರೀ ಟಿ4, ಚಳಿ ತಡೆಯದಿದ್ದರೆ, ಮೈ ಊದಿದರೆ, ವಿಪರೀತ ನಿದ್ದೆ ಬಂದರೆ ಅದಕ್ಕೂ ಮೊದಲೇ ಬರಬೇಕು’ ಎಂದು ಬರೆಸಿದೆ. ಊರಿನ ವೈದ್ಯರಿಗೆ ಫೋನ್ ಮಾಡಿ ಇದನ್ನೇ ಹೇಳಿದೆವು.

ಏಳನೇ ವಾರ ಅಕ್ಕತಂಗಿ ಇಬ್ಬರೂ ಬಂದರು. ಟಿ3 121, ಫ್ರೀ ಟಿ4 1.2, ಟಿಎಸ್‌ಎಚ್ 3.3. ಒಂದು ಮಾತ್ರೆಯೂ ಇಲ್ಲದೆ. ಮೆಟ್ಟಿಲು ಹತ್ತುವಾಗ ಕಾಲು ಇನ್ನೂ ನಡುಗುತ್ತದೆ ಎಂದರು. ಅದು ಐಸಿಯು ಬಿಟ್ಟುಹೋದ ಸ್ನಾಯು ದೌರ್ಬಲ್ಯ. ಅದಕ್ಕೆ ವ್ಯಾಯಾಮ ಮುಂದುವರಿಯಿತು. ಆ್ಯಂಟಿಬಾಡಿ ಇರುವುದರಿಂದ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಬೇಕು, ಮುಂದೆ ಎಂದಾದರೂ ನಿಜವಾದ ಹೈಪೋಥೈರಾಯ್ಡಿಸಂ ಬರಬಹುದು ಎಂದು ಇಬ್ಬರಿಗೂ ತಿಳಿಸಿದೆ.

ಈ ಪ್ರಕರಣವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದಿಟ್ಟಾಗ ಹೆಚ್ಚು ಚರ್ಚೆಯಾದದ್ದು ಒಂಬತ್ತನೇ ದಿನದ ಪರೀಕ್ಷೆಯ ಬಗ್ಗೆ. ಕಳಿಸಲೇಬಾರದಿತ್ತೇ? ಕಾರಣವಿಲ್ಲದೆ ಐಸಿಯುನಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಬಾರದು ಎಂಬ ನಿಯಮ ಒಳ್ಳೆಯದೇ. ಆದರೆ ವೆಂಟಿಲೇಟರ್ ಬಿಡಿಸಲಾಗದ, ಮಂಕು ಕವಿದ, ಮನೆತನದಲ್ಲಿ ಥೈರಾಯ್ಡ್ ಇರುವ ರೋಗಿಯಲ್ಲಿ ಕೇಳಿದ್ದು ಸರಿ ಎಂದೇ ನನ್ನ ನಿಲುವು. ಟಿಎಸ್‌ಎಚ್ 60 ಬಂದಿದ್ದರೆ, ಮೈ ತಣ್ಣಗಿದ್ದು ನಾಡಿ 48 ಇದ್ದಿದ್ದರೆ, ಅದೇ ದಿನ ಹೈಡ್ರೋಕಾರ್ಟಿಸೋನ್ ಜೊತೆ ಥೈರಾಕ್ಸಿನ್ ಶುರುಮಾಡುತ್ತಿದ್ದೆವು, ರಿವರ್ಸ್ ಟಿ3ಯ ಸುದ್ದಿಗೇ ಹೋಗುತ್ತಿರಲಿಲ್ಲ. ಇತ್ಯರ್ಥವಾಗದೆ ಉಳಿದ ಪ್ರಶ್ನೆ ಬೇರೆಯದು. ವಾರಗಟ್ಟಲೆ ಐಸಿಯುನಲ್ಲೇ ಉಳಿಯುವವರಲ್ಲಿ, ಮೊದಲ ದಿನಗಳ ಉಳಿತಾಯ ಕ್ರಮ ಮುಗಿದ ಮೇಲೂ ಹೈಪೋಥಲಾಮಸ್ ಎಚ್ಚರಗೊಳ್ಳದಿದ್ದರೆ, ಅವರಿಗೂ ಕಾಯುವುದೇ ಸರಿಯೇ? ಲ್ಯೂವೆನ್‌ನ ವಾನ್ ಡೆನ್ ಬರ್ಘೆ ತಂಡ ಅಂಥವರಿಗೆ ಟಿಆರ್‌ಎಚ್ ಮೊದಲಾದ ಹೈಪೋಥಲಾಮಸ್ ಸಂಕೇತಗಳನ್ನೇ ಡ್ರಿಪ್‌ನಲ್ಲಿ ಕೊಟ್ಟು ಟಿಎಸ್‌ಎಚ್, ಟಿ4, ಟಿ3 ಮತ್ತೆ ಏಳುವುದನ್ನು ತೋರಿಸಿದೆ. ಹಾಗೆ ಎಬ್ಬಿಸಿದ ಹಾರ್ಮೋನಿನಿಂದ ಹೆಚ್ಚು ಜನ ಬದುಕಿ ಮನೆಗೆ ಹೋಗುತ್ತಾರೆ ಎಂಬುದು ಇನ್ನೂ ಸಾಬೀತಾಗಿಲ್ಲ. ಅಲ್ಲಿಯವರೆಗೆ ಅಂಥ ರೋಗಿಗಳಲ್ಲಿ ನಾವು ವಾರಕ್ಕೊಮ್ಮೆ ಫ್ರೀ ಟಿ4 ಮತ್ತು ಟಿಎಸ್‌ಎಚ್ ನೋಡುತ್ತೇವೆ, ಕಾರ್ಟಿಸಾಲ್ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತೇವೆ, ಗ್ರಂಥಿಯೋ ಪಿಟ್ಯುಟರಿಯೋ ನಿಜಕ್ಕೂ ಸೋತ ಕುರುಹು ಸಿಕ್ಕಾಗ ಮಾತ್ರ ಹಾರ್ಮೋನು ಕೊಡುತ್ತೇವೆ.